ನಾಲ್ಕನೆಯ ಕೋಷ್ಟಕದ ಶೀರ್ಷಿಕೆ

ಮಗ್ಗಗಳ ಮೇಲೆ ತಂಗಿ ಬರೆದ ಪಿಎಚ್.ಡಿ. ಪ್ರಬಂಧವನ್ನು ಅಂದೇ ಸಲ್ಲಿಸಬೇಕಿತ್ತು; ಹಿಂದಿನ ರಾತ್ರಿ ಅದರ ಕಾಗುಣಿತ ತಿದ್ದಿಕೊಟ್ಟವನು ನಾನು. ಬನಹಟ್ಟಿಯ ಪ್ರಿಂಟ್ ಅಂಗಡಿಯಲ್ಲಿ ವರ್ಡ್ ಫೈಲ್ ತೆರೆದರೆ, ಕೋಷ್ಟಕದ ಸಂಖ್ಯೆ ಇರಬೇಕಾದಲ್ಲೆಲ್ಲ ಆವರಣದೊಳಗೆ, ಆ ಸಂಖ್ಯೆಯನ್ನು ತಾನಾಗಿ ತಂದು ತೋರಿಸುವ REF ಎಂಬ ಕೋಡ್. ತಂಗಿ ಆಲ್ಟ್ ಮತ್ತು ಎಫ್‌9 ಒತ್ತಿದಳು, ಸಂಖ್ಯೆಗಳು ಮರಳಿದವು. ಎಲ್ಲವನ್ನೂ ಆಯ್ದು ಬರೀ ಎಫ್‌9 ಒತ್ತಿ ಅಪ್‌ಡೇಟ್ ಮಾಡಿದಳು. ನಾಲ್ಕನೆಯ ಕೋಷ್ಟಕದ ಉಲ್ಲೇಖಗಳೆಲ್ಲ ‘ಎರರ್’ ಆದವು. ಮತ್ತೆ ಕೋಡ್ ತೆರೆದು ನೋಡಿದಳು.

“ಅಣ್ಣಾ, ಎಲ್ಲಾವೂ ಆ ಕೋಷ್ಟಕದ ಶೀರ್ಷಿಕೆಯೊಳಗ ಅಡಗಿರೋ ಒಂದ ಬುಕ್‌ಮಾರ್ಕ್ ಹುಡುಕಾಕತ್ತಾವು, ಅದ ಇಲ್ಲ. ನೀ ಶೀರ್ಷಿಕೆ ಅಳಿಸಿ ಹೊಸದಾಗಿ ಬರದಿಯೇನ?”

“ಇಲ್ಲಬೇ, ಒಂದಕ್ಷರ ತಿದ್ದೇನಷ್ಟ.”

ಹಾಗೆಂದು ನೆನಪಿತ್ತೋ, ಹಾಗಿರಲೆಂದು ಬಯಸಿದೆನೋ, ಈಗಲೂ ತಿಳಿಯದು.

“ಹಂಗಾರ ನಂದ ತಪ್ಪು ಬಿಡು,” ಎಂದು ಆಕೆ ಸಲ್ಲಿಕೆ ತಡವಾಗುವುದಕ್ಕೆ ಕ್ಷಮೆ ಕೇಳಲು ಗೈಡ್‌ಗೆ ಫೋನ್ ಹಚ್ಚಿದಳು. ನಾನು ತಡೆಯಲಿಲ್ಲ.