ತುದಿಯಮ್ಮ ನೋಡಿದ ಗೆರೆಯ ಬುಡ

ನಮ್ಮ ಪಶುಔಷಧ ಪ್ರಯೋಗಾಲಯದಲ್ಲಿ ಅಕ್ಕನಿಗೆ ತುದಿಯಮ್ಮ ಎಂದು ಹೆಸರಿಟ್ಟವಳು ನಾನೇ. ಎಲ್ಲರೂ ನಕ್ಷೆಯ ಗೆರೆಯ ನಡುವನ್ನು ನೋಡಿದರೆ ಈಕೆ ಬುಡ, ತುದಿ ನೋಡುತ್ತ ಕೂರುತ್ತಿದ್ದಳು. ಒಡಹುಟ್ಟಿದವಳಲ್ಲ. ಆದರೆ ವರ್ಷಾನುಗಟ್ಟಲೆ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚಿದವರು, ಅಕ್ಕ ಅನ್ನದೆ ಇನ್ನೇನನ್ನಲಿ?

ನಾನು ಇಲಿಗಳಿಗೆ ಸೂಜಿ ಚುಚ್ಚುವವಳು, ಆಕೆ ಲೆಕ್ಕ ಹಾಕುವವಳು. ಮಂಪರಿನ ಔಷಧಿ ಕೊಟ್ಟ ಇಲಿಯನ್ನು ಅಂಗಾತ ಮಲಗಿಸುತ್ತಿದ್ದೆವು. ಮಗುಚಿಕೊಂಡು ಎದ್ದರೆ ನಿದ್ದೆ ಬಂದಿಲ್ಲ, ಹಾಗೇ ಬಿದ್ದಿದ್ದರೆ ಬಂದಿದೆ. ಅರೆನಿದ್ದೆ ಅನ್ನುವ ಖಾನೆಯೇ ಇಲ್ಲ. ಸಾವೂ ಅಷ್ಟೆ, ಹೌದು ಇಲ್ಲವೇ ಅಲ್ಲ. ಪ್ರಮಾಣ ಏರಿಸುತ್ತ ಹೋದಂತೆ ನೂರಕ್ಕೆ ಎಷ್ಟು ಮಲಗಿದವು ಎಂದೊಂದು ಗೆರೆ, ಎಷ್ಟು ಸತ್ತವು ಎಂದೊಂದು ಗೆರೆ. ಅರ್ಧ ಇಲಿಗಳನ್ನು ಕೊಲ್ಲುವ ಪ್ರಮಾಣವನ್ನು ಅರ್ಧ ಇಲಿಗಳನ್ನು ಮಲಗಿಸುವ ಪ್ರಮಾಣದಿಂದ ಭಾಗಿಸಿದರೆ ಸುರಕ್ಷತೆಯ ಅಂಕಿ ಸಿಗುತ್ತಿತ್ತು, ದೊಡ್ಡದಾದಷ್ಟೂ ಒಳ್ಳೆಯದು. ಹಳೆಯ ಔಷಧಿಗೆ ಎಂಬತ್ತು ಮಿಲಿಗ್ರಾಮನ್ನು ಹತ್ತರಿಂದ, ಅಂದರೆ ಎಂಟು. ಹೊಸದಕ್ಕೆ ಅರವತ್ತನ್ನು ಐದರಿಂದ, ಹನ್ನೆರಡು. ನಮ್ಮ ಸಾಹೇಬರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಕ್ಕ ಹೊಸದರ ಎರಡೂ ಗೆರೆಗಳನ್ನು ಅವರ ಮುಂದೆ ಹರಡಿದಳು. "ಸರ್, ಅರ್ಧದ ಮಟ್ಟದಲ್ಲಿ ಗೆರೆಗಳು ದೂರ ದೂರ ಇವೆ, ನಿಜ. ಆದ್ರೆ ಯಾರೂ ಅರ್ಧ ನಾಯಿಗಳನ್ನ ಮಲಗಿಸೋಕೆ ಔಷಧಿ ಕೊಳ್ಳಲ್ಲ. ಹೆಚ್ಚುಕಮ್ಮಿ ಎಲ್ಲಾ ಇಲಿನೂ ಮಲಗಬೇಕಾದ್ರೆ ಹೊಸದು ಇಪ್ಪತ್ತು ಬೇಕು. ಇದರ ಸಾವಿನ ಗೆರೆ ಚಪ್ಪಟೆ, ಬುಡ ಎಲ್ಲಿಂದಲೋ ಶುರುವಾಗಿದೆ ನೋಡಿ. ಇಪ್ಪತ್ತಕ್ಕಾಗ್ಲೇ ನೂರಕ್ಕೆ ಐದಾರು ಸಾಯ್ತವೆ. ಹಳೇದ್ರಲ್ಲಿ ಎಲ್ಲಾ ಮಲಗಿದ ಮೇಲೂ ಸಾವು ಶುರುವಾಗೋಕೆ ಅದರ ಎರಡರಷ್ಟು ಬೇಕು."

"ಒಂದೊಂದು ಗುಂಪಲ್ಲಿ ಇರೋದೇ ಹತ್ತು ಇಲಿ. ನೂರಕ್ಕೆ ಐದು ಎಲ್ಲಿ ಕಂಡ್ರಿ?"

"ಗೆರೆ ಹೇಳುತ್ತೆ ಸರ್. ಇಪ್ಪತ್ತೈದು ಕೊಟ್ಟಾಗ ಒಂದು ಸತ್ತೂ ಇದೆ."

"ಅದಾ? ಸೂಜಿ ತಪ್ಪಿದೆ ಬಿಡಿ."

ನನಗೆ ಮೈಯೆಲ್ಲ ಉರಿಯಿತು. ನನ್ನ ಸೂಜಿ! ಇಲಿಯ ಹೊಟ್ಟೆಯಲ್ಲಿ ಎಲ್ಲಿ ಚುಚ್ಚಬೇಕೆಂದು ಕಣ್ಣು ಕಟ್ಟಿ ಬಿಟ್ಟರೂ ಹೇಳುತ್ತೇನೆ. ಆದರೆ ಬಾಯಿ ತೆರೆದರೆ ಕೆಲಸಕ್ಕೇ ಕುತ್ತು.

ಬುಡವನ್ನು ಖಚಿತಪಡಿಸಲು ಅಕ್ಕ ಇನ್ನೂ ನೂರಾರು ಇಲಿ ಕೇಳಿದಳು. ಪ್ರಾಣಿಗಳ ಪರವಾಗಿರುವ ಸಮಿತಿ ಒಪ್ಪಲಿಲ್ಲ. ಅವರದೂ ತಪ್ಪೆನ್ನಲಾರೆ, ಅವೂ ಜೀವಗಳೇ. ಕೊನೆಗೆ ಹನ್ನೆರಡು ಗೆದ್ದಿತು, ಹಳೆಯ ಔಷಧಿ ಅಂಗಡಿಗಳಿಂದ ಮಾಯವಾಯಿತು.

ಅಕ್ಕನ ತಾಯಿಗೆ ಒಂದು ನಾಯಿ ಇತ್ತು, ಹೆಸರು ಠೊಣಪ. ಅಪ್ಪ ಹೋದ ಮೇಲೆ ಅಮ್ಮ ಮಾತಾಡುತ್ತಿದ್ದುದೆಲ್ಲ ಅದರ ಜೊತೆಗೇ. ಅದರ ದವಡೆ ಹಲ್ಲು ಕೊಳೆತು, ತಿನ್ನುವುದನ್ನೇ ಬಿಟ್ಟಿತು. ನಾವು ಮೂವರೂ ಆಸ್ಪತ್ರೆಗೆ ಒಯ್ದೆವು. ಉಕ್ಕಿನ ಮೇಜಿನ ಮೇಲೆ ಠೊಣಪ ನಡುಗುತ್ತಿತ್ತು. ಡಾಕ್ಟರು ತೆಗೆದ ಬಾಟಲಿಯ ಚೀಟಿ ನೋಡಿ ಅಕ್ಕನ ಮುಖ ಬಿಳಿಚಿಕೊಂಡಿತು.

"ಹಳೇದು ಇಲ್ವಾ ಡಾಕ್ಟ್ರೇ?"

"ಅದು ಬರ್ತಾನೇ ಇಲ್ಲ. ಇದೇ ಒಳ್ಳೇದಮ್ಮಾ, ಅದು ಎಂಟು, ಇದು ಹನ್ನೆರಡು."

ಅಮ್ಮನಿಗೆ ಹೆಮ್ಮೆ. "ನಿಮ್ಮಲ್ಲೇ ಪರೀಕ್ಷೆ ಮಾಡಿದ್ದಲ್ವೇನೇ? ಮತ್ಯಾಕೆ ಹೀಗೆ ನಿಂತಿದ್ದೀಯ?"

ಏನು ಹೇಳಬೇಕು? ಇಲಿಯ ಗೆರೆ ನಾಯಿಗೆ ಹೊಂದುತ್ತದೆ ಎನ್ನಲಾಗದು, ಹೊಂದುವುದಿಲ್ಲ ಎನ್ನಲೂ ಆಗದು. ಹೊಂದಿದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ನಾಯಿಗಳು ಬಾಲ ಅಲ್ಲಾಡಿಸುತ್ತ ಮನೆಗೆ ಹೋಗುತ್ತವೆ. ಹಲ್ಲು ಕೀಳದೆ ಬಿಟ್ಟರೆ ಕೀವು ಕೊಲ್ಲುತ್ತದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. "ಕಮ್ಮಿ ಕೊಡಿ" ಎಂದಷ್ಟೇ ಬೇಡಿಕೊಂಡಳು.

ಡಾಕ್ಟರು ಸಹಾಯಕಿಯ ಕೈಲಿ ಕಡಿಮೆಯೇ ಕೊಡಿಸಿದರು. ಠೊಣಪ ಮಲಗಲಿಲ್ಲ. ತಲೆ ಎತ್ತಿ ಅಮ್ಮನನ್ನು ಹುಡುಕಿತು. ಇನ್ನಷ್ಟು ಕೊಡಿಸಿದರು. ಈಗ ಮಲಗಿತು. ಹಲ್ಲೂ ಕಿತ್ತು ಬಂತು. ಅಕ್ಕನ ಕಣ್ಣು ಮಾತ್ರ ಅದರ ಎದೆಯ ಮೇಲೇ ಇತ್ತು. ಅದು ಏರಿಳಿಯುವುದು ನಿಂತಾಗ ಅಯ್ಯೋ ಎಂದು ಮೊದಲು ಕೂಗಿದವಳೂ ಅವಳೇ. ಡಾಕ್ಟರು ಗಂಟಲಿಗೆ ಕೊಳವೆ ಹಾಕಿದರು, ಉಸಿರು ತುಂಬಿದರು, ಎದೆ ಒತ್ತಿದರು. ಪಾಪ, ಬೆವರಿ ತೊಪ್ಪೆಯಾದರು. ಠೊಣಪ ಏಳಲಿಲ್ಲ.

ಅವರು ಬೆವರೊರೆಸಿಕೊಂಡು ಸಹಾಯಕಿಯ ಕಡೆ ತಿರುಗಿದರು. "ಸೂಜಿ ಎಲ್ಲೋ ತಪ್ಪಿರಬೇಕು." ಆ ಹುಡುಗಿ ಅಳುವುದಕ್ಕೇ ಶುರುಮಾಡಿದಳು.

"ಸೂಜಿ ತಪ್ಪಿಲ್ಲ ಡಾಕ್ಟ್ರೇ" ಅಂದಳು ಅಕ್ಕ. ಜೋರಾಗಿಯೇ ಅಂದಳು.

ಅಮ್ಮ ನಾಯಿಯ ಕಿವಿ ಸವರುತ್ತ ಮಗಳನ್ನೇ ನೋಡಿದರು. "ಹಾಗಾದ್ರೆ ಏನು ತಪ್ಪಿತೇ?"

ಅಕ್ಕನೂ ಠೊಣಪನ ತಲೆಯ ಮೇಲೆ ಕೈ ಇಟ್ಟಳು.

"ಏನೂ ತಪ್ಪಿಲ್ಲಮ್ಮಾ. ನೂರಕ್ಕೆ ಸಾಯೋ ಆ ಐದಾರರಲ್ಲಿ ನಮ್ಮದೂ ಒಂದು."