ಕುಂಕುಮ ಹತ್ತಿದ ಕಟ್ಟುಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಂಗ್ಲೆಂಡಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಈಗಿನ ಮಾತಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಪಾಂಡವಪುರದವರ ಪಾಲಿಗೆ ಮಿಷನ್ ರಿಪೇರಿಯವನು. ಊರಿಗೆ ಮರಳುವುದೋ ಅಲ್ಲೇ ಇರುವುದೋ ಮೂರು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಹಾಗಾಗಿ ಮೈಸೂರಿನ ಬ್ಯಾಂಕಿನಲ್ಲಿ ಎರಡು ಖಾತೆ ಇಟ್ಟಿದ್ದೆ. ಮನೆಖರ್ಚಿಗೆ ಒಂದು ಮಾಮೂಲಿ ಖಾತೆ. ಉಳಿತಾಯಕ್ಕೆ ಹೊರದೇಶದಲ್ಲಿ ಇರುವವರ ವಿಶೇಷ ಖಾತೆ. ಅದರ ಬಡ್ಡಿಗೆ ತೆರಿಗೆಯಿಲ್ಲ, ಬೇಕೆಂದರೆ ದುಡ್ಡನ್ನು ಮತ್ತೆ ಹೊರಗೆ ಒಯ್ಯಬಹುದು. ಅವಸರಕ್ಕಿರಲಿ ಎಂದು ಅದರಿಂದ ಇಲ್ಲಿ ಹಣ ತೆಗೆಯುವ ಅಧಿಕಾರವನ್ನು ಅಕ್ಕನಿಗೆ ಬರೆದುಕೊಟ್ಟಿದ್ದೆ.

ಆ ಶ್ರಾವಣದಲ್ಲಿ ರಜೆಗೆ ಹೊರಡುವ ಮುನ್ನ ಅಕ್ಕನಿಗೆ ಕಾಗದ ಹಾಕಿದೆ. ಇಂಗ್ಲೆಂಡಿನಲ್ಲೇ ಒಂದು ಪುಟ್ಟ ಮನೆ ನೋಡಿದ್ದೇನೆ, ಮುಂಗಡಕ್ಕೆ ಉಳಿತಾಯವನ್ನು ವಾಪಸ್ ತರಿಸಿಕೊಳ್ಳುತ್ತೇನೆ ಎಂದು ಬರೆದಿದ್ದೆ.

ನಾನು ಬರುವಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಮುಗಿದು ಎರಡು ದಿನವಾಗಿತ್ತು. ಕಳಶದ ಮುಂದೆ ಒಡವೆ, ದುಡ್ಡು ಇಟ್ಟು ಪೂಜೆ ಮಾಡುವುದು ಮನೆಯ ಪದ್ಧತಿ. ಆ ಸಲ ಅಲ್ಲಿ ನನ್ನ ಮೂರು ವರ್ಷದ ಉಳಿತಾಯವೇ ನೋಟಿನ ಕಟ್ಟುಗಳಾಗಿ ಕೂತಿತ್ತು, ಬ್ಯಾಂಕಿನ ಪಟ್ಟಿಯೂ ಬಿಚ್ಚದೆ, ಮೇಲೆ ಕುಂಕುಮ ಬೇರೆ.

"ಪೂಜೆಗೆ ಇಕ್ಕಿದ್ದೆ ಕಣ್ಲಾ. ನಾಳೀಕೆ ವಾಪಸ್ ಕಟ್ಬುಟ್ಟು ಬರೋಣ," ಎಂದಳು ಅಕ್ಕ.

ನನಗೆ ನಗು ಬಂತು. ಮರುದಿನ ಇಬ್ಬರೂ ಬಸ್ಸು ಹತ್ತಿ ಮೈಸೂರಿಗೆ ಹೋದೆವು.

ಅಧಿಕಾರಿ ಕಟ್ಟುಗಳನ್ನು ಮುಟ್ಟಲೂ ಇಲ್ಲ. "ಈ ಖಾತೆಗೆ ಹೊರದೇಶದಿಂದ ಬಂದ ಹಣ ಮಾತ್ರ ಸೇರುತ್ತೆ ಸಾರ್. ಇಲ್ಲಿ ನೋಟಾಗಿ ತೆಗೆದ ಮೇಲೆ ಇದು ಇಲ್ಲಿನ ದುಡ್ಡು. ಮಾಮೂಲಿ ಖಾತೆಗೆ ಕಟ್ಟಿ. ಆದರೆ ಅಲ್ಲಿಂದ ಹೊರಗೆ ಕಳಿಸೋಕೆ ಮೇಲಿನವರ ಅಪ್ಪಣೆ ಬೇಕು, ಸಿಗುತ್ತೆ ಅಂತ ನಾನು ಹೇಳಲಾರೆ."

"ಇದು ನಿಮ್ಮದೇ ಕಟ್ಟು. ಪಟ್ಟಿ ನೋಡಿ, ಸೀಲು ನೋಡಿ," ಎಂದೆ.

"ಕಟ್ಟು ನಮ್ಮದೇ ಸಾರ್. ನಿಯಮ ನಮ್ಮದಲ್ಲ."

ಸಂಬಳ ನನ್ನದು, ನೋಟು ಅವರದು, ಎರಡು ದಿನ ದೇವರ ಮುಂದೆ ಕೂತಿದ್ದಕ್ಕೆ ಅದರ ಜಾತಿಯೇ ಬದಲಾಗಿತ್ತು. ಬೇರೆ ದಾರಿ ಕಾಣದೆ ಮಾಮೂಲಿ ಖಾತೆಗೆ ಕಟ್ಟಿ ಹೊರಬಂದೆ. ಆ ಮನೆ ಕೈತಪ್ಪಿತ್ತು.

ಬಸ್ಸಿನಲ್ಲಿ ಅಕ್ಕನ ಮೇಲೆ ರೇಗಾಡಿದೆ. ಪೂಜೆಗೆ ಒಂದು ಕಟ್ಟು ಸಾಲದಿತ್ತೇ, ಎಲ್ಲವನ್ನೂ ಯಾಕೆ ತೆಗೆದೆ ಎಂದೆ. ಕಿರಂಗೂರು ದಾಟುವಾಗ ಅವಳು ಕಿಟಕಿಯಿಂದ ನನ್ನತ್ತ ತಿರುಗಿದಳು.

"ತೆಗೆದ್ರೆ ತಿರುಗ ಈ ಖಾತೆಗೆ ಸೇರಾಕಿಲ್ಲ ಕಣಮ್ಮ ಅಂತ ಬ್ಯಾಂಕ್ನೋರು ಆವತ್ತೇ ಯೋಳಿದ್ರು," ಎಂದಳು ಮೆಲ್ಲಗೆ. "ನಿನ್ ಕಾಗದ ಓದಿದ್ನಲ್ಲ. ಅದ್ಕೇಯ ಎಲ್ಲಾನೂವೆ ತಗಂಡೆ."

ರಜೆ ಮುಗಿದು ಇಂಗ್ಲೆಂಡಿಗೆ ಹೋದವನು ಎರಡು ವರ್ಷದ ನಂತರ ಊರಿಗೇ ಮರಳಿದೆ. ನನ್ನ ಮನಸ್ಸಿನಿಂದ ಬಂದೆನೋ, ಅವಳು ತಡೆದಿದ್ದರಿಂದ ಬಂದೆನೋ, ಇವತ್ತಿಗೂ ಗೊತ್ತಿಲ್ಲ. ಅಕ್ಕ ಬದುಕಿದ್ದಷ್ಟು ದಿನ ಅವಳೂ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.