ಮೂಗಿನ ಬುಡದ ಕಲ್ಲುಗಳು

ನನ್ನ ಮಗಳು ಹೆತ್ತಳು! ಇವತ್ತು ಬೆಳಗ್ಗೆ, ಹಳಿಯಾಳದ ದವಾಖಾನೆಯಲ್ಲಿ, ಹೆಣ್ಣು ಮಗು. ತಾಯಿ ಚೆನ್ನಾಗಿದ್ದಾಳೆ, ಮಗು ಚೆನ್ನಾಗಿದೆ, ಅಳುವ ದನಿಯಂತೂ ಹೊರಗಿನ ಬೇವಿನ ಮರದವರೆಗೆ ಕೇಳಿಸಿತು. ನಾನು ಅಜ್ಜನಾದೆ. ಎದುರಿಗೆ ಸಿಕ್ಕವರಿಗೆಲ್ಲ ಹೇಳಿದೆ. ಚಹಾ ಮಾರುವವನಿಗೆ ಎರಡು ಸಲ ಹೇಳಿದೆನಂತೆ.

ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವನು. ರಸ್ತೆಯ ಗ್ಯಾಂಗಿನಲ್ಲಿ ಗುದ್ದಲಿ ಹಿಡಿದು ಸೇರಿ, ಅದೇ ಗ್ಯಾಂಗು ನಡೆಸುವ ಮುಕಾದಮನಾಗಿ ನಿವೃತ್ತನಾದೆ. ಬರೆದು ರೂಢಿಯಿಲ್ಲ. ಆದರೆ ಈ ಸಂತೋಷದ ಅಡಿಯಲ್ಲೇ ಇನ್ನೊಂದು ಮಾತು ಇದೆ, ಅದನ್ನು ಇವತ್ತೇ ಬರೆದುಬಿಡಬೇಕು. ಇದಕ್ಕೂ ಮೊದಲು ನನಗೆ ಒಬ್ಬ ಮೊಮ್ಮಗ ಇದ್ದ. ಅವನು ಅಳಲೇ ಇಲ್ಲ.

ನಮ್ಮ ಊರಿಗೂ ಹಳಿಯಾಳಕ್ಕೂ ನಡುವೆ ಒಂದು ಹೊಳೆ, ಹೊಳೆಯ ಮೇಲೆ ಹಳೇ ಕಲ್ಲಿನ ಸೇತುವೆ. ಮೂರು ಕಮಾನು, ನೀರಿನಲ್ಲಿ ಎರಡು ಕಂಬ. ಕಬ್ಬಿಣ ಇಲ್ಲ, ಸಿಮೆಂಟ್ ಇಲ್ಲ, ಕಲ್ಲು ಮತ್ತು ಸುಣ್ಣದ ಗಾರೆ ಅಷ್ಟೆ. ನೀರು ಬರುವ ಕಡೆಗೆ ಪ್ರತಿ ಕಂಬಕ್ಕೂ ಚೂಪಾದ ಮೂಗು ಕಟ್ಟಿದ್ದಾರೆ. ಮಳೆಗಾಲದಲ್ಲಿ ಆ ಮೂಗು ಹೊಳೆಯನ್ನು ಎರಡು ಸೀಳಾಗಿ ಮಾಡಿ ಅಕ್ಕಪಕ್ಕದ ಕಮಾನುಗಳೊಳಗೆ ಕಳಿಸುತ್ತದೆ. ಕಾಡಿನಿಂದ ತೇಲಿ ಬರುವ ಮರದ ದಿಮ್ಮಿ ಮೂಗಿಗೆ ತಾಗಿ ಪಕ್ಕಕ್ಕೆ ಜಾರುತ್ತದೆ. ಬಿದಿರು ಮಾತ್ರ ಸಿಕ್ಕಿಕೊಳ್ಳುತ್ತದೆ. ಒಂದು ಹಿಂಡು ಸಿಕ್ಕಿತೆಂದರೆ ಕಸವೆಲ್ಲ ಅಲ್ಲೇ ನಿಂತು, ಕಮಾನಿನ ಬಾಯಿ ಕಟ್ಟಿ, ನೀರು ಸೇತುವೆಯನ್ನೇ ದೂಡಲು ಶುರುಮಾಡುತ್ತದೆ. ಅದಕ್ಕೆ ನಾವು ಮೇಲಿನಿಂದ ಉದ್ದ ಕೊಕ್ಕೆ ಹಾಕಿ ಬಿದಿರು ಬಿಡಿಸುತ್ತಿದ್ದೆವು. ಆ ಕೆಲಸದಲ್ಲಿ ನಾನು ಒಂದು ಮಳೆಗಾಲವೂ ತಪ್ಪಲಿಲ್ಲ.

ತಪ್ಪಿದ್ದು ಬೇಸಿಗೆಯಲ್ಲಿ.

ಖಂಡೇನವಮಿಗೆ ಗ್ಯಾಂಗಿನವರು ಗುದ್ದಲಿ, ಸಲಿಕೆ, ಕೊಕ್ಕೆ ಎಲ್ಲ ತೊಳೆದು ಸೇತುವೆಯ ಪಕ್ಕ ಇಟ್ಟು ಪೂಜೆ ಮಾಡುವ ಪದ್ಧತಿ. ನೆಲದ ಮೇಲೆ ಇಡುವುದು ಸರಿ ಕಾಣುತ್ತಿರಲಿಲ್ಲ. ಒಂದು ಕಟ್ಟೆ ಬೇಕು ಎಂದೆವು. ಆ ಬೇಸಿಗೆ ಹೊಳೆ ಇಳಿದಾಗ ನೋಡಿದರೆ ನಮ್ಮ ಊರ ಕಡೆಯ ಕಂಬದ ಮೂಗಿನ ಬುಡದಲ್ಲಿ ಒಳ್ಳೆಯ ಕರಿಕಲ್ಲು ರಾಶಿ ಬಿದ್ದಿವೆ. ಗಾರೆಯಿಲ್ಲ, ಜೋಡಣೆಯಿಲ್ಲ. ಸೇತುವೆ ಕಟ್ಟಿದವರು ಉಳಿದದ್ದನ್ನು ಚೆಲ್ಲಿ ಹೋಗಿದ್ದಾರೆ ಎಂದುಕೊಂಡೆ. "ಎತ್ರೋ, ದೇವರ ಕೆಲಸಕ್ಕ ಬರ್ಲಿ" ಎಂದವನು ನಾನೇ. ಎರಡು ದಿನದಲ್ಲಿ ಚಂದದ ಕಟ್ಟೆಯಾಯಿತು.

ನಾನು ನಿವೃತ್ತನಾದ ಮೇಲಿನ ಮಳೆಗಾಲದಲ್ಲಿ ಹೊಳೆ ದೊಡ್ಡದಾಗಿ ಬಂತು. ನಮ್ಮ ಕಡೆಯ ಕಂಬ ಮುಂದಕ್ಕೆ ಒಂದಿಷ್ಟು ಕುಸಿಯಿತು, ಕಮಾನಿನಲ್ಲಿ ಬೆರಳು ಹೋಗುವಷ್ಟು ಸೀಳು ಬಿತ್ತು. ಪೊಲೀಸರು ಎರಡೂ ಕಡೆ ಕಲ್ಲು ಅಡ್ಡ ಹಾಕಿದರು. ನಡೆದೂ ಹೋಗಬಾರದು ಎಂದರು.

ಅದೇ ವಾರ ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳಿಗೆ ನೋವು ಬಂತು. ಆಂಬ್ಯುಲೆನ್ಸ್ ಆಚೆ ದಡದಲ್ಲಿ ಬಂದು ನಿಂತಿತ್ತು, ಅದರ ದೀಪ ನಮಗೆ ಕಾಣುತ್ತಿತ್ತು. ನಾವು ಜೀಪಿನಲ್ಲಿ ದಾಂಡೇಲಿ ಕಡೆಯಿಂದ ಸುತ್ತು ಹಾಕಿದೆವು. ಕೆಸರು, ಬಿದ್ದ ಮರ. ದವಾಖಾನೆ ಮುಟ್ಟುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅವನನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಇನ್ನೂ ಬೆಚ್ಚಗಿದ್ದ. ಆಗ ನನಗೆ ಕಲ್ಲಿನ ನೆನಪು ಇರಲಿಲ್ಲ, ದೇವರಾಣೆ. ಹೊಳೆಯನ್ನೇ ಬೈದೆ.

ಮುಂದಿನ ಬೇಸಿಗೆಯಲ್ಲಿ ಸೇತುವೆ ನೋಡಲು ಒಬ್ಬ ಇಂಜಿನಿಯರ್ ಹೆಣ್ಣುಮಗಳು ಬಂದಳು. ಸೇತುವೆ ಬಲ್ಲವರು ಬೇಕು ಎಂದು ನನ್ನನ್ನು ಕರೆಸಿದರು. ತವರಿಗೆ ಬಂದಿದ್ದ ನನ್ನ ಮಗಳು ಬುತ್ತಿ ತಂದು ದಂಡೆಯ ಮೇಲೆ ಕುಳಿತಿದ್ದಳು. ಇಂಜಿನಿಯರ್ ಕಮಾನಿನ ಕಲ್ಲುಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ದನಿ ಕೇಳಿದಳು.

"ಕಮಾನ ಗಟ್ಟಿ ಅದಾವ್ರಿ ಅಜ್ಜಾರ. ಮೇಲಿನ ಭಾರ ಕಲ್ಲಿಗೆ ಕಲ್ಲು ಒತ್ತಿ ಹಿಡಿತೈತಿ. ಕಮಾನಕ್ಕ ಅಂಜಿಕಿ ಇರೂದು ಕಾಲು ಸರದರ ಅಷ್ಟ."

ಆಮೇಲೆ ನೀರಿಗೆ ಇಳಿದು, ಉದ್ದ ಸರಳನ್ನು ಮೂಗಿನ ಬುಡಕ್ಕೆ ಚುಚ್ಚಿದಳು. ಸರಳು ತಡೆಯಿಲ್ಲದೆ ಕಂಬದ ಕೆಳಗೆ ಹೋಯಿತು. ಅವಳ ಮುಖ ಸಣ್ಣದಾಯಿತು.

"ಬುಡಾನ ಟೊಳ್ಳ ಆಗೇತಿ. ಮೂಗಿಗೆ ಬಡದ ನೀರು ಕೆಳಗ ತಿರುಗಿ ಮಣ್ಣು ತೋಡತೈತ್ರಿ. ಆದ್ರ ಇಷ್ಟು ವರ್ಷ ಆಗಲಾರದ್ದು ಈಗ್ಯಾಕ ಆತು? ಪಾಯಾನ ಸರಿ ಇಲ್ಲಂದ್ರ ಈ ಸೇತುವಿ ಮುಚ್ಚಿ ಅಂತ ಬರಿಬೇಕಾಗ್ತೈತಿ." ಸ್ವಲ್ಪ ಹೊತ್ತು ಆ ಕಡೆ ಕಂಬ, ಈ ಕಡೆ ಕಂಬ ನೋಡಿದಳು. "ಆ ಕಂಬದ ಸುತ್ತ ಬಿಡಿ ಕಲ್ಲು ಅದಾವ. ಇಲ್ಲಿ ಇದ್ದಿಲ್ಲೇನ್ರಿ? ಮಣ್ಣು ಕೊಚ್ಚಿ ಹೋಗಬಾರ್ದಂತ ಹಾಕಿರ್ತಾರ."

ನಾನು ತಿರುಗಿ ಕಟ್ಟೆಯನ್ನು ನೋಡಿದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೇತುವೆ ಮುಚ್ಚುತ್ತಿತ್ತು, ಇನ್ನೊಬ್ಬರ ಮಗಳು ಮತ್ತೆ ಆ ಸುತ್ತು ಹಾದಿ ಹಿಡಿಯುತ್ತಿದ್ದಳು. ಹೇಳಿದರೆ ದಂಡೆಯ ಮೇಲೆ ಕುಳಿತವಳು ಕೇಳುತ್ತಾಳೆ.

"ಇದ್ದೂವ್ರಿ ಬಾಯಾರ. ನಾನ ತಗಸೇನಿ" ಎಂದು ಕಟ್ಟೆಯ ಕಡೆ ಕೈ ತೋರಿಸಿದೆ.

ಇಂಜಿನಿಯರ್ ಕಟ್ಟೆಯವರೆಗೆ ಹೋಗಿ ಕಲ್ಲು ಮುಟ್ಟಿ ನೋಡಿದಳು. ಆಮೇಲೆ, "ಛಲೋ ಆತು ಹೇಳಿದ್ದು. ಕಾರಣ ಗೊತ್ತಾತು. ರಿಪೇರಿ ಆಗ್ತೈತಿ" ಎಂದಳು. ಮಗಳು ಬುತ್ತಿಯ ಗಂಟನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಅವಳು ಮನೆಯಲ್ಲಿ ನನ್ನೊಡನೆ ಮಾತಾಡಲಿಲ್ಲ. ನೀರಿನ ತಂಬಿಗೆ ಇಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ರಿಪೇರಿ ಶುರುವಾದ ಹನ್ನೊಂದನೇ ದಿನ, ಮರಳಿನ ಚೀಲ ಜೋಡಿಸಿ ನೀರು ತಿರುಗಿಸಿ, ಟೊಳ್ಳಿಗೆ ಕಾಂಕ್ರೀಟ್ ತುಂಬಿ ಮುಗಿದಿತ್ತು. ಕಲ್ಲುಗಳನ್ನು ಮತ್ತೆ ಮೂಗಿನ ಬುಡಕ್ಕೆ ಹಾಕಲು ನಾನು ಕಟ್ಟೆ ಬಿಚ್ಚುತ್ತಿದ್ದೆ. ಹಿಂದಿನಿಂದ ಮಗಳ ದನಿ ಬಂತು.

"ಸ್ವಲ್ಪ ಸರಿ, ಯಪ್ಪಾ. ಆ ಕಡೆ ನಾ ಹಿಡಿತೇನಿ."

"ಬ್ಯಾಡವಾ, ಭಾರ ಐತಿ."

"ಗೊತ್ತೈತಿ."

ಅಷ್ಟೇ ಮಾತು. ಸಂಜೆಯವರೆಗೆ ಇಬ್ಬರೂ ಕಲ್ಲು ಹೊತ್ತೆವು. ಕ್ಷಮಿಸಿದೆ ಎಂದು ಅವಳು ಅಂದೂ ಹೇಳಲಿಲ್ಲ, ಇಂದೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ.

ಕಮಾನಿನ ಸೀಳಿಗೆ ಸುಣ್ಣದ ಗಾರೆ ತುಂಬಿ, ಅದರ ಮೇಲೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದರು. ಕಂಬ ಮತ್ತೆ ಸರಿದರೆ ಗಾಜು ಒಡೆಯುತ್ತದೆ. ಆ ಮಳೆಗಾಲವೆಲ್ಲ ನೀರು ಇಳಿದಾಗೊಮ್ಮೆ ಹೋಗಿ ನೋಡಿ ಬಂದೆ. ಒಡೆಯಲಿಲ್ಲ. ಮಳೆ ನಿಂತ ಮೇಲೆ ತೂಕ ಮಾಡಿದ ಲಾರಿಯನ್ನು ಪ್ರತಿ ಕಮಾನಿನ ಮೇಲೆ ನಿಲ್ಲಿಸಿ ಅಳತೆ ಹಿಡಿದರು. ಬಸ್ಸಿಗೆ, ಆಂಬ್ಯುಲೆನ್ಸಿಗೆ ಅಡ್ಡಿಯಿಲ್ಲ, ಒಂದು ಸಲಕ್ಕೆ ಒಂದೇ ಗಾಡಿ, ನಿಧಾನ. ಕಬ್ಬಿನ ಲಾರಿಗಳು ಬೇರೆ ದಾರಿಯಲ್ಲಿ ಹೋಗಬೇಕು ಎಂದು ಹಲಗೆ ನೆಟ್ಟರು.

ಇವತ್ತು ನಸುಕಿನಲ್ಲಿ ಆಂಬ್ಯುಲೆನ್ಸ್ ನಮ್ಮ ಬಾಗಿಲಿಗೇ ಬಂತು. ಸೇತುವೆಯ ಮೇಲೆ ಡ್ರೈವರ್ ನಿಧಾನ ಮಾಡಿದ. ಕೆಳಗೆ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಮಗಳು ನನ್ನ ಮುಂಗೈ ಹಿಡಿದುಕೊಂಡಳು. ನೋವಿಗೋ, ನೆನಪಿಗೋ, ಉಗುರು ಊರುವಷ್ಟು ಹಿಡಿದಿದ್ದಳು. ಆಚೆ ದಡ ಮುಟ್ಟಿದ ಮೇಲೂ ಬಿಡಲಿಲ್ಲ.

ಸಂಜೆ ನನ್ನ ಹೆಂಡತಿ ಮನೆಯಿಂದ ಮೆತ್ತನೆಯ ಅನ್ನ, ಮೆಣಸಿನ ಸಾರು, ಶಾವಿಗೆ ಪಾಯಸ ಮಾಡಿಕೊಂಡು ಬಂದಳು. ಅಳಿಯ, ಬೀಗರು, ನಾವು ಎಲ್ಲರೂ ಮಗಳ ಹಾಸಿಗೆಯ ಸುತ್ತ ಕುಳಿತೆವು. ನರ್ಸ್ ಬೈಯುವಂತೆ ಮಾಡಿ ನಕ್ಕಳು: "ಇದೇನ್ ಮದಿವಿ ಮನಿ ಏನ್ರಿ?" ಬೀಗರು ಅವಳಿಗೂ ಒಂದು ಬಟ್ಟಲು ಪಾಯಸ ಕೊಟ್ಟರು. ನಾನು ಉಣ್ಣದೆ ಅನ್ನ ಕಲಸುತ್ತಲೇ ಇದ್ದೆ. ಅವನಿದ್ದಿದ್ದರೆ ಇಷ್ಟು ಹೊತ್ತಿಗೆ ಈ ಎಲ್ಲರ ತಾಟಿಗೂ ಕೈ ಹಾಕುತ್ತಿದ್ದ.

ಮಗಳು ನನ್ನನ್ನೇ ನೋಡುತ್ತಿದ್ದಳು.

"ಉಣ್ಣು, ಯಪ್ಪಾ" ಎಂದಳು. "ನನಗೂ ಅವ ನೆನಪಾಗ್ಯಾನ. ಉಣ್ಣು."

ಎಲ್ಲರೂ ಉಂಡೆವು.